ಡೇರಿ ಬೋರ್ಡಿನಿಂದ ಶುರು ಮಾಡಿ: ಒಂದು ಧಾತು ಹಿಡಿದು ಹತ್ತಾರು ಪದ ಕಲಿಯುವ ವಿಧಾನ

ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ‘ಮಾತಾಡೋ ಕನ್ನಡ ಚೆನ್ನಾಗೇ ಬರುತ್ತೆ. ಪೇಪರ್ ಹಿಡಿದರೆ, ಪರೀಕ್ಷೆಗೆ ಓದೋಕೆ ಕೂತರೆ ಗೊತ್ತಿಲ್ಲದ ಪದಗಳೇ ಜಾಸ್ತಿ. ದಿನಕ್ಕೆ ಹತ್ತು ಪದ ಬಾಯಿಪಾಠ ಮಾಡಿದರೂ ನಿಲ್ಲೋದಿಲ್ಲ. ಏನು ಮಾಡೋದು?’ ಹೀಗೆ ಕೇಳುವವರಲ್ಲಿ ಮನೆಯಲ್ಲಿ ತೆಲುಗು ಆಡುವವರಿದ್ದಾರೆ, ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರೂ ಇದ್ದಾರೆ.

ಪದಗಳನ್ನು ಬಿಡಿಬಿಡಿಯಾಗಿ ಕಲಿಯುವುದನ್ನು ನಿಲ್ಲಿಸಿ, ಕುಟುಂಬವಾಗಿ ಕಲಿಯಿರಿ. ಅದನ್ನು ಮಾಡುವುದು ಹೇಗೆ ಅಂತ ಒಂದೇ ಒಂದು ಧಾತುವನ್ನು ಪೂರ್ತಿ ಬಿಡಿಸಿ ತೋರಿಸುತ್ತೇನೆ.

ಬೇಕಾದದ್ದು ಮೂರು ವಸ್ತು. ಒಂದು ನೋಟ್‌ಬುಕ್, ಒಂದು ಕನ್ನಡ ದಿನಪತ್ರಿಕೆ, ಪದದ ಮೂಲ ಯಾವ ಭಾಷೆ ಅಂತ ತೋರಿಸುವ ಒಂದು ನಿಘಂಟು. ಅರ್ಥ ಮಾತ್ರ ಕೊಡುವ ನಿಘಂಟು ಈ ಕೆಲಸಕ್ಕೆ ಸಾಲದು. ಪದದ ಪಕ್ಕದಲ್ಲಿ ‘ಸಂ.’, ‘ಪಾರ.’ ಅಂತ ಮೂಲ ಸೂಚಿಸಿರಬೇಕು.

ಮೂರು ಮಾತುಗಳ ಅರ್ಥವನ್ನೂ ಮೊದಲೇ ತಿಳಿದುಕೊಳ್ಳಿ. ಧಾತು ಅಂದರೆ ಪದದ ಬೇರು, ಅದಕ್ಕಿಂತ ಒಡೆಯಲಾಗದ ತುಂಡು. ಉಪಸರ್ಗ ಅಂದರೆ ಧಾತುವಿನ ಮೊದಲಿಗೆ ಅಂಟುವ ತುಂಡು: ಪ್ರ, ವಿ, ಸಮ್, ಉತ್ ಇಂಥವು. ಸಂಸ್ಕೃತದಲ್ಲಿ ಇವು 22 ಅಂತ ಪಟ್ಟಿ ಮಾಡಿದ್ದಾರೆ. ಪ್ರತ್ಯಯ ಅಂದರೆ ಕೊನೆಗೆ ಅಂಟುವ ತುಂಡು: ಅಕ, ತಿ, ಇತ, ತನ, ಗಾರ ಇಂಥವು.

## ಹಂತ 1: ಕಣ್ಣೆದುರಿನ ಪದ ಆರಿಸಿ, ಅದರ ಮೂಲ ನೋಡಿ

ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಡೇರಿಯ ಬೋರ್ಡು ನೋಡದವರು ಅಪರೂಪ. ಮೇಲೆ ಊರ ಹೆಸರು, ಕೆಳಗೆ ‘ಹಾಲು ಉತ್ಪಾದಕರ ಸಹಕಾರ ಸಂಘ ನಿಯಮಿತ’. ಇದರಲ್ಲಿ ‘ಹಾಲು’ ಕನ್ನಡದ್ದು. ಉಳಿದವು ಸಂಸ್ಕೃತದಿಂದ ಬಂದವು.

ಈ ವಿಂಗಡಣೆಯನ್ನು ಬಿಡಬೇಡಿ. ಸಂಸ್ಕೃತದ ಉಪಸರ್ಗ ಸಂಸ್ಕೃತದ ಧಾತುವಿಗೆ ಅಂಟುತ್ತದೆ, ಕನ್ನಡದ ಧಾತುವಿಗೆ ಅಂಟುವುದಿಲ್ಲ. ‘ಪ್ರ’ವನ್ನು ‘ನಡೆ’ಗೆ ಸೇರಿಸಲು ಆಗದು. ಗುರುತಿಸುವುದು ಹೇಗೆ? ಪದದಲ್ಲಿ ಮಹಾಪ್ರಾಣ (ಖ, ಧ, ಭ ಇತ್ಯಾದಿ), ಋ ಸ್ವರ, ಷ, ಅಥವಾ ತ್ಪ, ಸ್ಕ, ಕ್ತ ಥರದ ಬೇರೆ ಬೇರೆ ವ್ಯಂಜನಗಳ ಒತ್ತಕ್ಷರ ಇದ್ದರೆ ಸಂಸ್ಕೃತದ್ದಿರುವ ಸಾಧ್ಯತೆ ಹೆಚ್ಚು. ಆದರೆ ಇದು ಸುಳಿವು ಅಷ್ಟೇ. ‘ಸಹಕಾರ’ವೂ ‘ಸರ್ಕಾರ’ವೂ ನೋಡಲು ಒಂದೇ ಮನೆಯವರ ಹಾಗಿವೆ, ಅಲ್ವಾ? ‘ಸಹಕಾರ’ ಸಂಸ್ಕೃತದ ಸಹ + ಕೃ. ‘ಸರ್ಕಾರ’ ಪಾರಸಿಯಿಂದ ಬಂದದ್ದು. ಅದನ್ನು ‘ಕೃ’ ಧಾತುವಿನ ಪಟ್ಟಿಯಲ್ಲಿ ಹಾಕಿದರೆ ತಪ್ಪು. ಮೂಲ ತೋರಿಸುವ ನಿಘಂಟು ಬೇಕು ಅಂದದ್ದು ಇದಕ್ಕೇ.

## ಹಂತ 2: ಎರಡೂ ತುದಿಯಿಂದ ಬಿಡಿಸಿ

ಈಗ ‘ಉತ್ಪಾದಕ’ ತೆಗೆದುಕೊಳ್ಳಿ. ಕೊನೆಯಿಂದ ಶುರು ಮಾಡಿ. ‘ಅಕ’ ಅಂದರೆ ಮಾಡುವವರು. ಲೇಖಕ, ಶಿಕ್ಷಕ, ಪಾಲಕ ಎಲ್ಲದರಲ್ಲೂ ಅದೇ. ಅದನ್ನು ತೆಗೆದರೆ ‘ಉತ್ಪಾದ್’ ಉಳಿಯಿತು. ಮೊದಲಲ್ಲಿರುವ ‘ಉತ್’ ಉಪಸರ್ಗ, ಅದರ ಅರ್ಥ ಮೇಲಕ್ಕೆ. ಉಳಿದದ್ದು ‘ಪಾದ್’. ಇದರ ಮೂಲ ರೂಪ ಪದ್, ಹೋಗು ಎಂಬ ಅರ್ಥದ ಧಾತು. ‘ಪದ’, ‘ಪಾದ’ ಎರಡೂ ಇದಕ್ಕೇ ಸೇರಿದವು.

ಉತ್ + ಪದ್ ಅಂದರೆ ಮೇಲಕ್ಕೆ ಬರು, ಅಂದರೆ ಹುಟ್ಟು.

ಇಲ್ಲಿ ಬಹಳ ಜನ ನಿಂತುಬಿಡುತ್ತಾರೆ. ‘ಓ, ಉತ್ಪಾದಕ ಅಂದರೆ ಹುಟ್ಟಿಸುವವನು’ ಅಂತ ಬರೆದುಕೊಂಡು ಮುಂದಿನ ಪದಕ್ಕೆ ಹೋಗುತ್ತಾರೆ. ಹಾಗೆ ಮಾಡಿದರೆ ಸಿಕ್ಕಿದ್ದು ಒಂದೇ ಪದ. ಧಾತು ಕೈಗೆ ಸಿಕ್ಕ ಮೇಲೆ ಅದರ ಮೊದಲಿನ ತುಂಡನ್ನೂ ಕೊನೆಯ ತುಂಡನ್ನೂ ಬದಲಿಸುತ್ತ ಹೋಗಬೇಕು.

## ಹಂತ 3: ಕೋಷ್ಟಕ ಹಾಕಿ

ನೋಟ್‌ಬುಕ್ಕಿನ ಒಂದು ಪುಟವನ್ನು ಅಡ್ಡ ಹಿಡಿದು ಮನೆಗಳನ್ನು ಗೀಚಿ. ಎಡಕ್ಕೆ ಉಪಸರ್ಗಗಳು, ಮೇಲೆ ಪ್ರತ್ಯಯಗಳು. ಇಂದಿನ ಕನ್ನಡದಲ್ಲಿ ನೀವು ಓದಿರುವ, ಕೇಳಿರುವ ಪದಗಳನ್ನು ಮಾತ್ರ ತುಂಬಿ. ‘ಪದ್’ ಧಾತುವಿನ ಪುಟ ಹೀಗೆ ಬರುತ್ತದೆ:

| ಉಪಸರ್ಗ | ಮಾಡುವವರು (ಅಕ) | ಮಾಡುವುದು (ಅನೆ) | ಆಗುವುದು (ತಿ, ತ್ತು) | ಆಗಿರುವುದು (ನ್ನ) |
|---|---|---|---|---|
| ಉತ್ | ಉತ್ಪಾದಕ | ಉತ್ಪಾದನೆ | ಉತ್ಪತ್ತಿ | ಉತ್ಪನ್ನ |
| ಸಮ್ | ಸಂಪಾದಕ | ಸಂಪಾದನೆ | ಸಂಪತ್ತು | ಸಂಪನ್ನ |
| ಆ | | ಆಪಾದನೆ | ಆಪತ್ತು | ಆಪನ್ನ |
| ಪ್ರತಿ | ಪ್ರತಿಪಾದಕ | ಪ್ರತಿಪಾದನೆ | | |
| ವಿ | | | ವಿಪತ್ತು | |

ಕೋಲಾರದ ಟೊಮೆಟೊ ಮಂಡಿಗೆ ಹೋಗುವವರು ‘ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ’ ಅನ್ನುವ ಬೋರ್ಡನ್ನೂ ನೋಡಿರುತ್ತೀರಿ. ಡೇರಿಯ ‘ಉತ್ಪಾದಕ’, ಮಂಡಿಯ ‘ಉತ್ಪನ್ನ’, ಪತ್ರಿಕೆಯ ‘ಸಂಪಾದಕ’, ಪೊಲೀಸ್ ಸುದ್ದಿಯ ‘ಆಪಾದನೆ’ ಎಲ್ಲವೂ ಒಂದೇ ಪುಟಕ್ಕೆ ಬಂದು ಕೂತವು.

ಈಗ ಕೋಷ್ಟಕವನ್ನು ಅಡ್ಡಕ್ಕೆ ನಿಧಾನವಾಗಿ ಓದಿ. ಮೊದಲ ಎರಡು ಕಾಲಂಗಳಲ್ಲಿ ‘ಪಾ’ ದೀರ್ಘ. ಕೊನೆಯ ಎರಡರಲ್ಲಿ ‘ಪ’ ಹ್ರಸ್ವ. ಇದು ಕಾಕತಾಳೀಯ ಅಲ್ಲ. ಈ ಧಾತುವಿನಲ್ಲಿ ‘ಪದ್’ ಅಂದರೆ ತಾನಾಗಿ ಆಗುವುದು, ‘ಪಾದ್’ ಅಂದರೆ ಆಗುವಂತೆ ಯಾರೋ ಮಾಡುವುದು. ಕನ್ನಡದಲ್ಲಿ ‘ಬೆಳೆ’, ‘ಬೆಳೆಸು’ ಇರುವ ಹಾಗೆ.

ಅದಕ್ಕೇ ಉತ್ಪತ್ತಿ ಅಂದರೆ ಹುಟ್ಟುವುದು, ಉತ್ಪಾದನೆ ಅಂದರೆ ಹುಟ್ಟಿಸುವುದು. ನಿಂತ ನೀರಿನಲ್ಲಿ ಸೊಳ್ಳೆಗಳ ಉತ್ಪತ್ತಿ ಆಗುತ್ತದೆ. ಹಾಲಿನ ಉತ್ಪಾದನೆಯನ್ನು ರೈತರು ಮಾಡುತ್ತಾರೆ. ‘ಸೊಳ್ಳೆ ಉತ್ಪಾದನೆ’ ಅಂತ ಬರೆದರೆ ಯಾರೋ ಕಾರ್ಖಾನೆ ಇಟ್ಟ ಹಾಗಾಗುತ್ತದೆ. ಹಾಗೆಯೇ ಆಪತ್ತು ತಾನಾಗಿ ಬಂದೆರಗುವ ಕಷ್ಟ. ಆಪಾದನೆ ಅಂದರೆ ಒಬ್ಬರು ಇನ್ನೊಬ್ಬರ ಮೇಲೆ ತಂದು ಹೊರಿಸುವುದು. ಸಂಪತ್ತು ಕೂಡಿರುವ ಐಶ್ವರ್ಯ. ಸಂಪಾದನೆ ಅಂದರೆ ದುಡಿದು ಕೂಡಿಸುವುದು. ಬಿಡಿಬಿಡಿ ಲೇಖನಗಳನ್ನು ಕೂಡಿಸಿ ಸರಿಮಾಡುವುದೂ ಸಂಪಾದನೆಯೇ. ಸಂಪಾದಕ ಅನ್ನುವ ಪದ ಹುದ್ದೆಯ ಹೆಸರಾಗಿದ್ದು ಹಾಗೆ.

ಅರ್ಥ ಸೂಕ್ಷ್ಮವಾಗಿ ಬೇರೆಯಾಗುವ ಜೋಡಿಗಳು ಪರೀಕ್ಷೆಯಲ್ಲಿ ಕಾಡುತ್ತವೆ. ಬಾಯಿಪಾಠದಿಂದ ಅವು ಬಗೆಹರಿಯುವುದಿಲ್ಲ. ಎರಡೂ ಪದ ಅಕ್ಕಪಕ್ಕದ ಮನೆಯಲ್ಲಿ ಕೂತಾಗ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಆದರೆ ದೀರ್ಘ ಇದ್ದ ಕಡೆಯೆಲ್ಲ ‘ಮಾಡಿಸುವುದು’ ಅಂತ ತಿಳಿಯಬೇಡಿ. ‘ಪಾದ’ದಲ್ಲಿ ಆ ಅರ್ಥ ಇಲ್ಲ. ‘ಕೃ’ ಧಾತುವಿನ ‘ಉಪಕಾರ’, ‘ವಿಕಾರ’ಗಳಲ್ಲೂ ಇಲ್ಲ.

ಕೋಷ್ಟಕ ತುಂಬಿದ ಮೇಲೆ ಎರಡನೇ ಪದರ ಸೇರಿಸಿ. ಅಂದರೆ, ಸಿಕ್ಕ ಪದದ ಮೇಲೆ ಮತ್ತೊಂದು ಪ್ರತ್ಯಯ. ಉತ್ಪಾದಕದಿಂದ ಉತ್ಪಾದಕತೆ, ಸಂಪಾದಕದಿಂದ ಸಂಪಾದಕೀಯ, ಸಂಪನ್ನದಿಂದ ಸಂಪನ್ನತೆ. ಕನ್ನಡದ ‘ಇಸು’ ಸೇರಿಸಿದರೆ ಕ್ರಿಯಾಪದ: ಉತ್ಪಾದಿಸು, ಸಂಪಾದಿಸು, ಆಪಾದಿಸು, ಪ್ರತಿಪಾದಿಸು (ಒಂದು ವಿಚಾರವನ್ನು ಕಾರಣ ಕೊಟ್ಟು ಮುಂದಿಡು). ‘ಇಸು’ ಜಾಗಕ್ಕೆ ‘ಇತ’ ಹಾಕಿದರೆ ಉತ್ಪಾದಿತ, ಸಂಪಾದಿತ, ಆಪಾದಿತ. ಆಪಾದಿತ ಅಂದರೆ ಆಪಾದನೆ ಹೊತ್ತವರು.

ಎಚ್ಚರಿಕೆ: ಖಾಲಿ ಮನೆಗಳನ್ನು ನೀವೇ ಹುಟ್ಟಿಸಿ ತುಂಬಬೇಡಿ. ‘ವಿಪಾದಕ’ ಅಂತ ಬರೆದರೆ ವ್ಯಾಕರಣಕ್ಕೆ ಹತ್ತಿರ ಇದ್ದ ಹಾಗೆ ಕಂಡರೂ ಕನ್ನಡದಲ್ಲಿ ಅಂಥ ಪದ ಬಳಕೆಯಲ್ಲಿಲ್ಲ. ಕೋಷ್ಟಕ ಇರುವುದು ಓದಿದ ಪದವನ್ನು ಗುರುತು ಹಿಡಿಯಲು.

## ಹಂತ 4: ವೇಷ ಬದಲಿಸಿದ ತುಂಡುಗಳನ್ನು ಹಿಡಿಯಿರಿ

ಓದುಗರು ಹೆಚ್ಚು ಸೋಲುವುದು ಇಲ್ಲಿ. ಎರಡು ತುಂಡು ಸೇರುವಾಗ ಅಕ್ಷರ ಬದಲಾಗುತ್ತದೆ. ಇದನ್ನೇ ಸಂಧಿ ಅನ್ನುವುದು. ಪದ್ ಧಾತುವಿನ ‘ದ್’ ಎಲ್ಲಿ ಹೋಯಿತು ಅಂತ ಮೇಲಿನ ಕೋಷ್ಟಕ ನೋಡಿದಾಗ ಅನಿಸಿರಬಹುದು. ದ್ + ತಿ ಸೇರಿ ‘ತ್ತಿ’ ಆಯಿತು, ಹಾಗಾಗಿ ಉತ್ಪತ್ತಿ. ದ್ + ನ ಸೇರಿ ‘ನ್ನ’ ಆಯಿತು, ಹಾಗಾಗಿ ಉತ್ಪನ್ನ. ‘ದ್’ ನಿಜವಾಗಿ ಇತ್ತು ಅನ್ನುವುದಕ್ಕೆ ಸಾಕ್ಷಿ ಬೇಕಾದರೆ ‘ಆಪದ್ಬಾಂಧವ’ ನೋಡಿ. ಅಲ್ಲಿ ಅದು ಹಾಗೇ ಉಳಿದಿದೆ. ‘ಸಂಪದ್ಭರಿತ’ದಲ್ಲೂ ಉಳಿದಿದೆ.

ಈ ‘ನ್ನ’ದ ನಿಯಮ ಗೊತ್ತಾದರೆ ಬೇರೆ ಧಾತುಗಳೂ ತೆರೆದುಕೊಳ್ಳುತ್ತವೆ. ಕೊನೆಗೆ ‘ನ್ನ’ ಇರುವ ಸಂಸ್ಕೃತ ಪದ ಸಿಕ್ಕರೆ, ಅದರ ಹಿಂದೆ ‘ದ್’ ಇರಬಹುದೇ ಅಂತ ಹುಡುಕಿ. ಭಿನ್ನ ಮತ್ತು ಭೇದ ಒಂದೇ ಧಾತು (ಭಿದ್, ಒಡೆ). ಖಿನ್ನ ಮತ್ತು ಖೇದ ಒಂದೇ ಧಾತು (ಖಿದ್), ಅದರಿಂದಲೇ ಖಿನ್ನತೆ. ಪ್ರಸನ್ನ ಮತ್ತು ಪ್ರಸಾದವೂ ಹಾಗೆಯೇ: ಪ್ರ + ಸದ್. ಈ ಕೊನೆಯ ಜೋಡಿಯನ್ನು ಹೇಳಿದಾಗ ಬಹಳ ಜನರ ಮುಖ ಅರಳುತ್ತದೆ. ದಿನಾ ಆಡುವ ಪದಗಳು, ಸಂಬಂಧ ಮಾತ್ರ ಗೊತ್ತಿರಲಿಲ್ಲ.

ಉಪಸರ್ಗಗಳೂ ವೇಷ ಬದಲಿಸುತ್ತವೆ. ಎಲ್ಲಕ್ಕಿಂತ ಜಾಸ್ತಿ ಬದಲಾಗುವುದು ‘ಉತ್’. ಉತ್ಪನ್ನದಲ್ಲಿ ಉತ್, ಉದ್ಯಮದಲ್ಲಿ ಉದ್, ಉನ್ನತಿಯಲ್ಲಿ ಉನ್, ಉಲ್ಲೇಖದಲ್ಲಿ ಉಲ್, ಉಚ್ಚಾರದಲ್ಲಿ ಉಚ್. ಎಲ್ಲವೂ ಒಂದೇ ‘ಉತ್’. ‘ವಿ’ಯ ಮುಂದೆ ಸ್ವರ ಬಂದರೆ ‘ವ್ಯ’ ಆಗುತ್ತದೆ. ‘ಪ್ರತಿ’ ಹೋಗಿ ‘ಪ್ರತ್ಯ’, ‘ಅಧಿ’ ಹೋಗಿ ‘ಅಧ್ಯ’. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಈ ವೇಷಗಳನ್ನು ಒಂದು ಕಡೆ ಬರೆದಿಡಿ. ಹೊಸ ಪದ ಬಿಡಿಸುವಾಗ ಮೊದಲು ಆ ಪುಟ ನೋಡಿ.

ಎಚ್ಚರಿಕೆ: ಒಂದೇ ಅಕ್ಷರದ ವ್ಯತ್ಯಾಸಕ್ಕೆ ಮೋಸ ಹೋಗಬೇಡಿ. ಬೀಳು ಅನ್ನುವ ಅರ್ಥದ ಪತ್ ಬೇರೆ ಧಾತು. ಪತನ, ಜಲಪಾತ, ಪ್ರಪಾತ ಅದರವು. ಉತ್ + ಪತ್ ಸೇರಿ ಆಗುವುದು ‘ಉತ್ಪಾತ’. ಅದರ ಅರ್ಥ ಕೇಡು, ಅನಾಹುತ. ಉತ್ಪಾದ, ಉತ್ಪಾತ ಎರಡರ ನಡುವೆ ಇರುವುದು ದ, ತ ಅಷ್ಟೇ. ಹಾಗೆಯೇ ಮಂಡಿ ಬೋರ್ಡಿನ ‘ಕೃಷಿ’ಯನ್ನು ‘ಕೃ’ ಧಾತುವಿಗೆ ಸೇರಿಸಬೇಡಿ. ಅದು ಕೃಷ್, ಎಳೆ ಅಥವಾ ಉಳು ಅನ್ನುವ ಧಾತು. ‘ಆಕರ್ಷಣೆ’ ಅದರ ನೆಂಟ.

## ಹಂತ 5: ಅದೇ ಬೋರ್ಡಿನ ಉಳಿದ ಪದಗಳು

ಈಗ ‘ಸಹಕಾರ’. ಕೃ ಅಂದರೆ ಮಾಡು. ‘ಸಹ’ 22 ಉಪಸರ್ಗಗಳ ಪಟ್ಟಿಯಲ್ಲಿಲ್ಲ, ಆದರೂ ಇಲ್ಲಿ ಅದೇ ಕೆಲಸ ಮಾಡುತ್ತದೆ: ಜೊತೆಗೂಡಿ ಮಾಡುವುದು. ಈ ಧಾತುವಿನ ಪುಟ ನಿಮಗೇ ಬಿಟ್ಟಿದ್ದೇನೆ. ಕಾರ, ಕೃತಿ, ಕೃತ, ಕರಣ ಅನ್ನುವ ನಾಲ್ಕು ಕಾಲಂ ಹಾಕಿ. ಪ್ರ, ವಿ, ಉಪ, ಅಧಿ, ಸಮ್ ಅಂತ ಐದು ಸಾಲು ಬರೆಯಿರಿ. ಪ್ರಕಾರ, ಪ್ರಕೃತಿ, ಪ್ರಕರಣ, ವಿಕಾರ, ವಿಕೃತಿ, ವಿಕೃತ, ಉಪಕಾರ, ಉಪಕರಣ, ಅಧಿಕಾರ, ಅಧಿಕೃತ ತಾವಾಗಿ ಬರುತ್ತವೆ. ‘ಸಮ್’ ಸಾಲಿನಲ್ಲಿ ಮಾತ್ರ ಜಾಗ್ರತೆ. ನಡುವೆ ಒಂದು ‘ಸ್’ ಹೆಚ್ಚಿಗೆ ಬರುತ್ತದೆ: ಸಂಸ್ಕಾರ, ಸಂಸ್ಕೃತಿ, ಸಂಸ್ಕೃತ, ಸಂಸ್ಕರಣ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನಿಂದ ನಮ್ಮ ಕೆರೆಗಳಿಗೆ ಬರುವ ‘ಸಂಸ್ಕರಿಸಿದ ನೀರು’ ಅನ್ನುವುದರಲ್ಲಿರುವ ಧಾತು ಇದೇ.

‘ನಿಯಮಿತ’ದಲ್ಲಿರುವುದು ಯಮ್, ಅಂದರೆ ಹಿಡಿದಿಡು. ನಿಯಮ, ನಿಯತ, ಸಂಯಮ ಸುಲಭವಾಗಿ ಸಿಗುತ್ತವೆ. ‘ವ್ಯಾಯಾಮ’ ಬಿಡಿಸಲು ಹಂತ 4 ಬೇಕು: ವಿ + ಆ + ಯಮ್. ಎರಡು ಉಪಸರ್ಗ ಒಟ್ಟಿಗೆ ಬಂದಿವೆ. ‘ಉದ್ಯಮ’ ಉತ್ + ಯಮ್. ಆದರೆ ‘ಉದ್ಯೋಗ’ ಈ ಮನೆಯದಲ್ಲ, ಅದು ಕೂಡಿಸು ಅನ್ನುವ ಅರ್ಥದ ಯುಜ್ ಧಾತುವಿನದು.

ವಾರಕ್ಕೆ ಒಂದು ಧಾತು ಸಾಕು. ಪದ್, ಕೃ, ಯಮ್ ಆದ ಮೇಲೆ ಹೃ (ಆಹಾರ, ಪರಿಹಾರ), ಧಾ (ವಿಧಾನ, ಸಂವಿಧಾನ), ಯುಜ್ (ಯೋಗ, ಪ್ರಯೋಗ), ಸ್ಥಾ (ಸ್ಥಾನ, ಸಂಸ್ಥೆ) ತೆಗೆದುಕೊಳ್ಳಿ. ಪತ್ರಿಕೆಯಲ್ಲಿ ಇವುಗಳ ಮಕ್ಕಳು ದಿನವೂ ಕಾಣುತ್ತವೆ.

## ಹಂತ 6: ಕನ್ನಡ ಧಾತುವಿಗೆ ಬೇರೆ ಪುಟ

ಕನ್ನಡದ ಪದಗಳು ಮುಖ್ಯವಾಗಿ ಕೊನೆಯಲ್ಲಿ ಬೆಳೆಯುತ್ತವೆ. ‘ನಡೆ’ ತೆಗೆದುಕೊಳ್ಳಿ. ಕಾಲಿನದು ನಡಿಗೆ. ಗುಣದ್ದು ನಡತೆ. ನಾಲ್ಕು ಜನರ ಎದುರು ತೋರುವುದು ನಡವಳಿಕೆ. ಪಂಚಾಯಿತಿ ಸಭೆಯಲ್ಲಿ ಏನೇನಾಯಿತು ಅಂತ ಬರೆದಿಡುವುದು ನಡಾವಳಿ. ನಾಲ್ಕೂ ಒಂದೇ ಬೇರಿನವು, ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಲು ಬರುವುದಿಲ್ಲ. ಮೊದಲಿಗೆ ಸೇರಿಸಬೇಕಾದರೆ ಕನ್ನಡಕ್ಕೆ ತನ್ನದೇ ಆದ ಮುಂ, ಹಿಂ, ಒಳ, ಹೊರ ಇವೆ: ಮುನ್ನಡೆ, ಹಿನ್ನಡೆ, ಕೆರೆಯ ಒಳಹರಿವು, ಹೊರಹರಿವು.

ಸುದ್ದಿಯ ತಲೆಬರಹಗಳಲ್ಲಿ ಜಾಸ್ತಿ ಕಾಣುವುದು ‘ತ’ ಮತ್ತು ‘ಇಕೆ’. ‘ಆವಕ ಹೆಚ್ಚಳ, ಟೊಮೆಟೊ ಬೆಲೆ ಕುಸಿತ’ ಅಂತ ಓದಿರುತ್ತೀರಿ. ಇ, ಎಗಳಲ್ಲಿ ಮುಗಿಯುವ ಹಲವು ಧಾತುಗಳಿಗೆ ‘ತ’ ಅಂಟುತ್ತದೆ: ಕುಸಿತ, ಹಿಡಿತ, ಸೆಳೆತ, ಹೊಡೆತ. ಉಕಾರದಲ್ಲಿ ಮುಗಿಯುವ ಹಲವಕ್ಕೆ ‘ಇಕೆ’: ಏರಿಕೆ, ನಂಬಿಕೆ, ಹಂಚಿಕೆ. ಆದರೆ ‘ಮಾರು’ವಿಗೆ ‘ಮಾರಾಟ’, ‘ಬರೆ’ಗೆ ‘ಬರಹ’, ‘ಬರವಣಿಗೆ’. ಯಾವ ಧಾತುವಿಗೆ ಯಾವ ಪ್ರತ್ಯಯ ಅನ್ನುವುದನ್ನು ಬಳಕೆಯಿಂದಲೇ ಕಲಿಯಬೇಕು, ಪೂರ್ತಿ ನಿಯಮ ಇಲ್ಲ. ತೋಚದೆ ಹೋದಾಗ ‘ಉವಿಕೆ’ ಬಳಸಿ (ಕುಸಿಯುವಿಕೆ, ಮಾರುವಿಕೆ). ಓದಲು ಭಾರ, ಆದರೆ ತಪ್ಪಾಗದು.

ಇಲ್ಲೂ ಒಂದು ಗುಂಡಿ ಇದೆ. ‘ಕೊರೆತ’ ಮತ್ತು ‘ಕೊರತೆ’. ಕೊರೆದು ಹಾಕುವುದು ಕೊರೆತ, ಕಡಲ್ಕೊರೆತದಲ್ಲಿ ಇರುವ ಹಾಗೆ. ಸಾಲದೆ ಬರುವುದು ಕೊರತೆ, ನೀರಿನ ಕೊರತೆ. ಕೊಳವೆಬಾವಿ, ನೀರು ಎರಡೂ ಒಂದೇ ಸುದ್ದಿಯಲ್ಲಿ ಬರುವ ನಮ್ಮ ಜಿಲ್ಲೆಯಲ್ಲಿ ಈ ಎರಡು ಪದ ಅದಲುಬದಲಾದರೆ ವಾಕ್ಯದ ಅರ್ಥವೇ ಕೆಡುತ್ತದೆ.

## ಹಂತ 7: ಪತ್ರಿಕೆಯಲ್ಲಿ ಪರೀಕ್ಷಿಸಿ

ಕೋಷ್ಟಕ ಬರೆದ ವಾರ ಪತ್ರಿಕೆಯ ಒಂದು ಪುಟ ತೆಗೆದು, ಆ ಧಾತುವಿನ ಪದಗಳಿಗೆ ಅಡಿಗೆರೆ ಹಾಕಿ. ಹೊಸ ಪದ ಸಿಕ್ಕರೆ ಮೊದಲು ಬಿಡಿಸಿ ಅರ್ಥ ಊಹಿಸಿ, ಆಮೇಲೆ ವಾಕ್ಯದಲ್ಲಿ ಕೂರಿಸಿ ನೋಡಿ, ಕೊನೆಗೆ ನಿಘಂಟು ತೆರೆಯಿರಿ. ಈ ಕ್ರಮ ತಪ್ಪಿಸಬೇಡಿ. ಊಹೆಯನ್ನೇ ಅರ್ಥ ಅಂತ ಬರೆದುಕೊಂಡರೆ ಮೋಸ ಹೋಗುತ್ತೀರಿ. ಯಾಕೆಂದರೆ ಉಪಸರ್ಗದ ಅರ್ಥ ಎಲ್ಲ ಕಡೆ ಒಂದೇ ಇರುವುದಿಲ್ಲ. ‘ವಿ’ ವಿಪತ್ತಿನಲ್ಲಿ ಕೇಡು ಸೂಚಿಸುತ್ತದೆ, ವಿಜ್ಞಾನದಲ್ಲಿ ವಿಶೇಷವನ್ನು ಸೂಚಿಸುತ್ತದೆ.

ಮನೆಯಲ್ಲಿ ತೆಲುಗು ಆಡುವವರಿಗೆ ಇನ್ನೊಂದು ಮಾತು. ಇದೇ ಧಾತುಗಳು ತೆಲುಗಿನಲ್ಲೂ ಇರುವುದರಿಂದ ನಿಮಗೆ ಅರ್ಧ ಕೆಲಸ ಮೊದಲೇ ಆಗಿದೆ. ಸಂಪಾದನೆ, ಉತ್ಪತ್ತಿ, ಆಪತ್ತು ನಿಮಗೆ ಹೊಸವಲ್ಲ. ಆದರೆ ಕೆಲವು ಪದಗಳು ಗಡಿ ದಾಟಿದಾಗ ಅರ್ಥ ಬದಲಿಸಿವೆ. ತೆಲುಗಿನ ‘ಉದ್ಯಮಂ’ ಅಂದರೆ ಚಳವಳಿ, ಕನ್ನಡದ ‘ಉದ್ಯಮ’ ಅಂದರೆ ಕೈಗಾರಿಕೆ, ವ್ಯಾಪಾರ. ತೆಲುಗಿನ ‘ಅವಸರಂ’ ಅಂದರೆ ಅಗತ್ಯ, ಕನ್ನಡದ ‘ಅವಸರ’ ಅಂದರೆ ಆತುರ. ‘ನನಗೆ ಹಣದ ಅವಸರ ಇದೆ’ ಅಂತ ಅರ್ಜಿಯಲ್ಲಿ ಬರೆದರೆ ಓದುವವರು ಬೇರೆಯೇ ತಿಳಿಯುತ್ತಾರೆ. ಇಂಥ ಪದ ಸಿಕ್ಕಾಗೆಲ್ಲ ಕೋಷ್ಟಕದಲ್ಲಿ ಕೆಂಪು ಶಾಯಿಯಲ್ಲಿ ಬರೆದು, ಪಕ್ಕದಲ್ಲಿ ಎರಡೂ ಅರ್ಥ ಹಾಕಿ.